ಬೆಳೆ ಪಟ್ಟಿಯ ಕೊನೆಯ ಕಾಲಂ ಮೊದಲು ತುಂಬ್ರಿ

ಸಣ್ಣ ಹಿಡುವಳಿಗೆ ಬೆಳೆ ಯೋಜನೆ ಪಟ್ಟಿ ಮಾಡುವುದು ಈಗ ನಮ್ಮ ಕಡೆಯೂ ರೂಢಿಯಾಗುತ್ತಿದೆ. ತರಬೇತಿಗೆ ಹೋದವರು ಬರೆದುಕೊಂಡು ಬರುತ್ತಾರೆ, ಮನೆಯಲ್ಲಿ ಓದಿದ ಹುಡುಗರು ಮೊಬೈಲಿನಲ್ಲೇ ಮಾಡಿಕೊಡುತ್ತಾರೆ. ಪಟ್ಟಿಯಲ್ಲಿ ಐದು ಕಾಲಂ ಇರುತ್ತವೆ: ಹೊಲದ ತುಂಡು, ಬೆಳೆ, ಬಿತ್ತುವ ತಿಂಗಳು, ಕಟಾವಿನ ಕಾಲ, ನೀರು. ಮೊದಲ ನಾಲ್ಕನ್ನು ವಿಚಾರ ಮಾಡಿ ತುಂಬುತ್ತೇವೆ. ಐದನೆಯದಕ್ಕೆ ಬಂದಾಗ ಪೆನ್ನು ಜೋರಾಗಿ ಓಡುತ್ತದೆ: ಜೋಳಕ್ಕೆ ‘ಕಡಿಮೆ’, ಉಳ್ಳಾಗಡ್ಡಿಗೆ ‘ಮಧ್ಯಮ’, ದ್ರಾಕ್ಷಿಗೆ ‘ಹೆಚ್ಚು’. ಅಲ್ಲಿಗೆ ಪಟ್ಟಿ ಮುಗಿಯಿತು.

ನನ್ನ ವಾದ ಇಷ್ಟೇ. ವಿಜಯಪುರ ಜಿಲ್ಲೆಯಲ್ಲಿ, ಅದರಲ್ಲೂ ತಿಕೋಟಾ ಮತ್ತು ಬಬಲೇಶ್ವರ ಭಾಗದಲ್ಲಿ, ಈ ಪಟ್ಟಿಯನ್ನು ಬಲಗಡೆಯಿಂದ ಎಡಗಡೆಗೆ ತುಂಬಬೇಕು. ಮೊದಲು ನೀರು, ಆಮೇಲೆ ಬೆಳೆ. ನೀರನ್ನೂ ‘ಕಡಿಮೆ, ಹೆಚ್ಚು’ ಎಂದಲ್ಲ, ಲೀಟರಿನಲ್ಲಿ ಬರೆಯಬೇಕು. ಅದನ್ನೂ ಇಡೀ ಹಂಗಾಮಿನ ಲೆಕ್ಕವಾಗಿ ಅಲ್ಲ, ಏಪ್ರಿಲ್ ತಿಂಗಳ ಒಂದು ದಿನದ ಲೆಕ್ಕವಾಗಿ ಬರೆಯಬೇಕು.

ಏಪ್ರಿಲ್ ಯಾಕೆ?

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 600 ಮಿ.ಮೀ. ಎಲ್ಲಕ್ಕಿಂತ ಹೆಚ್ಚು ಬೀಳುವುದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಬೋರು ನೋಡಿದರೆ ಎಲ್ಲರೂ ಶ್ರೀಮಂತರೇ. ಬೆಳೆಯ ತೀರ್ಮಾನವನ್ನೂ ನಾವು ಆಗಲೇ ಮಾಡುತ್ತೇವೆ. ಹೊಲ ಒಣಗುವುದು ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಬೋರಿನ ನೀರು ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ, ಅದೇ ಹೊತ್ತಿಗೆ ಬಿಸಿಲಿಗೆ ಬೆಳೆ ಕೇಳುವ ನೀರು ಹೆಚ್ಚಾಗಿರುತ್ತದೆ. ಪುಸ್ತಕದಲ್ಲಿ ಒಂದು ಬೆಳೆಗೆ ಇಡೀ ಹಂಗಾಮಿಗೆ ಇಷ್ಟು ಮಿ.ಮೀ ನೀರು ಬೇಕು ಎಂದು ಕೊಟ್ಟಿರುತ್ತಾರೆ. ಅದು ತಪ್ಪಲ್ಲ. ಆದರೆ ಆ ಒಟ್ಟು ಲೆಕ್ಕದಲ್ಲಿ ಈ ಎರಡು ತಿಂಗಳ ಕಷ್ಟ ಕಾಣುವುದಿಲ್ಲ.

ಬೋರಿನ ಲೆಕ್ಕ: ಒಂದು ಡ್ರಮ್ಮು ಸಾಕು

‘ನಮ್ಮದು ಎರಡು ಇಂಚು ನೀರು’ ಎಂದು ಹೇಳುವುದು ರೂಢಿ. ಅದು ಪೈಪಿನ ಅಳತೆ, ನೀರಿನದಲ್ಲ. ನೀರಿನ ಅಳತೆಗೆ 200 ಲೀಟರಿನ ಡ್ರಮ್ಮು ಸಾಕು. ಮೋಟರ್ ಚಾಲೂ ಮಾಡಿದ ಕೂಡಲೇ ಅಳೆಯಬೇಡಿ, ಒಂದು ತಾಸು ಓಡಲಿ. ಆಮೇಲೆ ಡ್ರಮ್ಮು ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ. 7,20,000 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ತಾಸಿಗೆ ಎಷ್ಟು ಲೀಟರ್ ಎಂದು ಬರುತ್ತದೆ.

ಉದಾಹರಣೆಗೆ ಒಂದು ಬೋರು ಹಿಡಿಯೋಣ. ಅಕ್ಟೋಬರ್‌ನಲ್ಲಿ ಡ್ರಮ್ಮು 50 ಸೆಕೆಂಡಿಗೆ ತುಂಬುತ್ತದೆ, ಅಂದರೆ ತಾಸಿಗೆ 14,400 ಲೀಟರ್. ಫೆಬ್ರುವರಿಯಲ್ಲಿ 90 ಸೆಕೆಂಡ್ ಹಿಡಿಯುತ್ತದೆ, ತಾಸಿಗೆ 8,000 ಲೀಟರ್. ಏಪ್ರಿಲ್‌ನಲ್ಲಿ 160 ಸೆಕೆಂಡ್, ತಾಸಿಗೆ 4,500 ಲೀಟರ್. ತ್ರೀಫೇಸ್ ಕರೆಂಟು ದಿನಕ್ಕೆ 7 ತಾಸು ಎಂದು ಹಿಡಿದರೆ ಫೆಬ್ರುವರಿಯಲ್ಲಿ ದಿನಕ್ಕೆ 56,000 ಲೀಟರ್ ಸಿಗುತ್ತದೆ. ಏಪ್ರಿಲ್‌ನಲ್ಲಿ 7 ತಾಸಿನ ಲೆಕ್ಕ ಹಿಡಿಯಬಾರದು. ಐದು ತಾಸು ಆದ ಮೇಲೆ ಪೈಪಿನಲ್ಲಿ ನೀರಿನ ಜೊತೆ ಗಾಳಿ ಬರುತ್ತದೆ, ಆಂಪ್ಸ್ ಮೀಟರಿನ ಮುಳ್ಳು ಕೆಳಗೆ ಇಳಿಯುತ್ತದೆ. ಅಲ್ಲಿಗೆ ಬೋರು ಆ ದಿನ ದಣಿಯಿತು ಎಂದು ಅರ್ಥ. ಮುಂದೆ ಓಡಿಸಿದರೆ ಮೋಟರ್ ಸುಡುವ ಭಯ. ಹಾಗಾಗಿ ಏಪ್ರಿಲ್‌ನ ನಿಜವಾದ ಗಳಿಕೆ 5 ತಾಸು, 22,500 ಲೀಟರ್.

ಇದೇ ನಿಮ್ಮ ಪಟ್ಟಿಯ ಮೊದಲ ಅಂಕಿ.

ಬೆಳೆಯ ಖರ್ಚು ಹಿಡಿಯುವುದು ಹೇಗೆ?

ಒಂದು ಎಕರೆಯ ಮೇಲೆ 1 ಮಿ.ಮೀ ನೀರು ನಿಲ್ಲಿಸಿದರೆ ಸುಮಾರು 4,000 ಲೀಟರ್ ಆಗುತ್ತದೆ. ಇದೊಂದು ನೆನಪಿಟ್ಟರೆ ಉಳಿದದ್ದು ಬಾಯಿಲೆಕ್ಕ. ನಮ್ಮಲ್ಲಿ ಫೆಬ್ರುವರಿಯಲ್ಲಿ ಹೊಲ ಪೂರ್ತಿ ಮುಚ್ಚಿದ ಹಸಿರು ಬೆಳೆ ದಿನಕ್ಕೆ ಸುಮಾರು 5 ಮಿ.ಮೀ ಕೇಳುತ್ತದೆ, ಏಪ್ರಿಲ್‌ನಲ್ಲಿ 6ರಿಂದ 7. ದ್ರಾಕ್ಷಿ ಪಡದಲ್ಲಿ ಡ್ರಿಪ್ ಇರುವುದರಿಂದ ಸಾಲುಗಳ ನಡುವಿನ ನೆಲಕ್ಕೆ ನೀರು ಬೇಡ. ಆದರೂ ಏಪ್ರಿಲ್ ಚಾಟನಿ ಆದ ಮೇಲೆ ಹೊಸ ಕುಡಿ ಬೆಳೆಯುವಾಗ ಎಕರೆಗೆ ದಿನಕ್ಕೆ ಸುಮಾರು 16,000 ಲೀಟರ್ ಬೇಕಾಗುತ್ತದೆ.

ಈಗ ಆರು ಎಕರೆಯ ಒಂದು ಹೊಲವನ್ನು ಹಿಡಿದು ಪಟ್ಟಿ ಮಾಡೋಣ. ತಿಕೋಟಾದಿಂದ ಬಬಲೇಶ್ವರದವರೆಗೆ ಇಂಥ ಹೊಲಗಳು ಬೇಕಾದಷ್ಟು ಇವೆ: ಒಂದು ಬದಿ ದೊಡ್ಡ ಎರಿ, ಒಂದು ಬದಿ ನಡುಮಟ್ಟದ್ದು, ಒಂದು ಎಕರೆ ದ್ರಾಕ್ಷಿ, ದನಕ್ಕೆ ಅರ್ಧ ಎಕರೆ ಹಸಿಮೇವು. ಕೊನೆಯ ಎರಡು ಕಾಲಂ ದಿನಕ್ಕೆ ಎಷ್ಟು ಲೀಟರ್ ಎಂದು ಹೇಳುತ್ತವೆ.

| ತುಂಡು | ಬೆಳೆ | ಬಿತ್ತನೆ | ಕಟಾವು | ಫೆಬ್ರುವರಿ ನೀರು | ಏಪ್ರಿಲ್ ನೀರು |
|---|---|---|---|---|---|
| 1. ದೊಡ್ಡ ಎರಿ, 2 ಎಕರೆ | ಹಿಂಗಾರಿ ಬಿಳಿಜೋಳ | ಸೆಪ್ಟೆಂಬರ್ ಕೊನೆ–ಅಕ್ಟೋಬರ್ 15 | ಫೆಬ್ರುವರಿ | 0 | 0 |
| 2. ನಡು ಎರಿ, 1.5 ಎಕರೆ | ತೊಗರಿ | ಜೂನ್ ಕೊನೆ–ಜುಲೈ | ಡಿಸೆಂಬರ್–ಜನವರಿ | 0 | 0 |
| 3. ಬೋರಿನ ಹತ್ತಿರ, 1 ಎಕರೆ | ಹೆಸರು, ಆಮೇಲೆ ಉಳ್ಳಾಗಡ್ಡಿ | ಜೂನ್. ನವೆಂಬರ್ ನಾಟಿ | ಆಗಸ್ಟ್. ಮಾರ್ಚ್ ಮೊದಲ ವಾರ | 20,000 | 0 |
| 4. ಪಡ, 1 ಎಕರೆ | ದ್ರಾಕ್ಷಿ | ಚಾಟನಿ ಏಪ್ರಿಲ್, ಅಕ್ಟೋಬರ್ | ಫೆಬ್ರುವರಿ–ಮಾರ್ಚ್ | 11,000 | 16,000 |
| 5. ಮೇವು, ಅರ್ಧ ಎಕರೆ | ನೇಪಿಯರ್ ಹುಲ್ಲು | ಹಾಕಿದ್ದು ಇದೆ | ವರ್ಷಪೂರ್ತಿ | 10,000 | 12,000 |
| ಒಟ್ಟು | | | | 41,000 | 28,000 |
| ಬೋರು ಕೊಡುವುದು | | | | 56,000 | 22,500 |

ಕೆಳಗಿನ ಎರಡು ಸಾಲು ನೋಡಿ. ಫೆಬ್ರುವರಿಯಲ್ಲಿ ದಿನಕ್ಕೆ 15,000 ಲೀಟರ್ ಉಳಿಯುತ್ತದೆ. ಏಪ್ರಿಲ್‌ನಲ್ಲಿ ದಿನಕ್ಕೆ 5,500 ಲೀಟರ್ ಕಡಿಮೆ ಬೀಳುತ್ತದೆ. ಅಂದರೆ ದಿನಕ್ಕೊಂದು ಟ್ಯಾಂಕರ್.

ಫೆಬ್ರುವರಿಯ ಆಸೆ

ಈ 15,000 ಲೀಟರೇ ನಮ್ಮನ್ನು ಹಾಳು ಮಾಡುವುದು. ‘ಬೋರ್‌ನಾಗ ನೀರ ಐತಿ, ಹೊಲ ಯಾಕ ಖಾಲಿ ಬಿಡೂದು?’ ಎಂದು ಜನವರಿ ಕೊನೆಗೆ ಅರ್ಧ ಎಕರೆ ಬೇಸಿಗೆ ಶೇಂಗಾ ಹಾಕುತ್ತೇವೆ. ಹಾಕಿದ ದಿನ ಅದು ಹೆಚ್ಚು ನೀರು ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಕಾಯಿ ಕಟ್ಟುವಾಗ ದಿನಕ್ಕೆ 14,000 ಲೀಟರ್ ಕೇಳುತ್ತದೆ. ಆಗ 5,500ರ ಕೊರತೆ 19,500 ಆಗುತ್ತದೆ. ಟ್ಯಾಂಕರ್ ತರಿಸಿ ಶೇಂಗಾ ಬೆಳೆದರೆ ಉಳಿಯುವುದು ಏನೂ ಇಲ್ಲ. ಬಿಟ್ಟರೆ ಬೀಜ, ಗೊಬ್ಬರ, ಆಳಿನ ಖರ್ಚು ಮಣ್ಣಿಗೆ. ಬಹಳ ಮಂದಿ ಮೂರನೆಯ ದಾರಿ ಹಿಡಿಯುತ್ತಾರೆ: ಪಡಕ್ಕೆ ಬಿಡುವ ನೀರಿನಲ್ಲಿ ಸ್ವಲ್ಪ ಕಡಿದು ಶೇಂಗಾಕ್ಕೆ ಬಿಡುತ್ತಾರೆ.

ಈ ಮೂರನೆಯ ದಾರಿಯ ನಷ್ಟ ಕೂಡಲೇ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ಏಪ್ರಿಲ್ ಚಾಟನಿ ಆದ ಮೇಲೆ ಬರುವ ಕುಡಿಯೇ ಮುಂದೆ ಕಡ್ಡಿಯಾಗುತ್ತದೆ. ಮುಂದಿನ ಫಸಲಿನ ಗೊನೆ ಕಟ್ಟುವ ಮೊಗ್ಗು ಆ ಕಡ್ಡಿಯೊಳಗೆ ರೂಪುಗೊಳ್ಳುವುದು ಇದೇ ಬೇಸಿಗೆಯಲ್ಲಿ. ಕುಡಿ ಬೆಳೆಯುವಾಗ ನೀರು ಕಡಿದರೆ ಕಡ್ಡಿ ಸಣಕಲಾಗುತ್ತದೆ. ಅಕ್ಟೋಬರ್ ಚಾಟನಿ ಆಗಿ ಚಿಗುರು ಬಂದಾಗ ಗೊನೆ ಕಡಿಮೆ ಕಾಣುತ್ತವೆ. ಆಗ ನಾವು ಔಷಧಿಯನ್ನು, ಹವಾಮಾನವನ್ನು ಬೈಯುತ್ತೇವೆ. ಆರು ತಿಂಗಳ ಹಿಂದಿನ ಅರ್ಧ ಎಕರೆ ಶೇಂಗಾ ಯಾರಿಗೂ ನೆನಪಾಗುವುದಿಲ್ಲ. ಏಪ್ರಿಲ್ ಕಾಲಂ ತುಂಬಿದ ಪಟ್ಟಿ ಇದ್ದರೆ ಜನವರಿಯಲ್ಲೇ ಅದು ‘ಬೇಡ’ ಎಂದು ಹೇಳುತ್ತಿತ್ತು.

ಸೊನ್ನೆ ಬರೆದ ಜೋಳ ನೀರು ಕೊಡುತ್ತದೆ

ಹಾಗಾದರೆ 5,500ರ ಕೊರತೆ ತುಂಬುವುದು ಹೇಗೆ? ಪಟ್ಟಿಯಲ್ಲೇ ಉತ್ತರ ಇದೆ, ಒಂದನೆಯ ತುಂಡಿನಲ್ಲಿ.

ಬಿಳಿಜೋಳದ ಸಾಲಿನಲ್ಲಿ ನೀರಿಗೆ ಸೊನ್ನೆ ಬರೆದಿದ್ದೇವೆ. ಆದರೆ ಆ ಎರಡು ಎಕರೆಯಿಂದ ಕಾಳಿನ ಜೊತೆ ಕಣಿಕೆಯೂ ಬರುತ್ತದೆ. ಎಕರೆಗೆ ಒಂದೂವರೆ ಟನ್ ಎಂದು ಕೈಬಿಗಿದು ಹಿಡಿದರೂ ಮೂರು ಟನ್ ಆಯಿತು. ಒಂದು ದೊಡ್ಡ ದನಕ್ಕೆ ದಿನಕ್ಕೆ 7 ಕೆ.ಜಿ ಎಂದರೆ ನಾಲ್ಕು ದನಕ್ಕೆ ಬೇಸಿಗೆಯ 90 ದಿನಕ್ಕೆ ಸುಮಾರು ಎರಡೂವರೆ ಟನ್ ಸಾಕು. ಕಣಿಕೆ ಬಣವೆಯಲ್ಲಿ ಇದ್ದರೆ ಮಾರ್ಚ್ ಕೊನೆಗೆ ನೇಪಿಯರ್‌ನಲ್ಲಿ ಅರ್ಧಕ್ಕೆ ನೀರು ನಿಲ್ಲಿಸಬಹುದು. ಬೇರು ಉಳಿದರೆ ಮಳೆ ಬಿದ್ದ ಮೇಲೆ ಬಹಳಷ್ಟು ಮತ್ತೆ ಚಿಗುರುತ್ತದೆ. ಸತ್ತ ಗುಂಪು ಇದ್ದರೆ ತುಂಡು ನೆಟ್ಟು ತುಂಬಿಕೊಳ್ಳಬೇಕು. ಹಾಲು ಕೊಡುವ ಎಮ್ಮೆಗೆ ಉಳಿದ ಕಾಲು ಎಕರೆಯ ಹಸಿಮೇವು ಕಣಿಕೆಯ ಜೊತೆ ಹಾಕಿ. ಈಗ ಮೇವಿನ ನೀರು 12,000ದಿಂದ 6,000ಕ್ಕೆ ಇಳಿಯಿತು. ಒಟ್ಟು 22,000. ಬೋರು ಕೊಡುವುದು 22,500. ಟ್ಯಾಂಕರ್ ತಪ್ಪಿತು.

ಬೆಲೆ ಇಲ್ಲ ಎಂದು ಜೋಳ ಬಿಡುವವರು ಈ ಲೆಕ್ಕ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ವಿಜಯಪುರದ ಪೇಟೆಯಲ್ಲಿ ಜೋಳದ ದರ ಮಾತ್ರ ನೋಡಿದರೆ ಅದು ಬಡ ಬೆಳೆ. ಏಪ್ರಿಲ್‌ನಲ್ಲಿ ದಿನಕ್ಕೆ 6,000 ಲೀಟರ್ ಉಳಿಸಿಕೊಡುತ್ತದೆ ಎಂದು ನೋಡಿದರೆ ನಿಮ್ಮ ದ್ರಾಕ್ಷಿ ಪಡವನ್ನು ಕಾಯುತ್ತಿರುವುದು ಅದೇ.

ಖಾಲಿ ಕಾಣುವ ನಾಲ್ಕು ತಿಂಗಳು

ಒಂದನೆಯ ತುಂಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಬರೆದಿಲ್ಲ. ಪಟ್ಟಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಇದೇ. ‘ಎರಡು ಎಕರೆ ನಾಲ್ಕು ತಿಂಗಳು ಸುಮ್ಮನೆ ಬಿದ್ದಿದೆ, ಹೆಸರಾದರೂ ಹಾಕಿ’ ಎನ್ನುತ್ತಾರೆ. ಮುಂಗಾರಿ ಚಲೋ ಆದ ವರ್ಷ ಹೆಸರು ತೆಗೆದು ಜೋಳ ಬೆಳೆಯುವವರೂ ಇದ್ದಾರೆ. ಆದರೆ ಆ ಹೊಲ ಸುಮ್ಮನೆ ಬಿದ್ದಿಲ್ಲ, ನೀರು ಕುಡಿಯುತ್ತಿದೆ.

ಮೂರು ಅಡಿಗಿಂತ ಆಳ ಇರುವ ಎರಿ ಮಣ್ಣು ಪೂರ್ತಿ ನೆನೆದರೆ ಬೆಳೆಗೆ ಸಿಗುವಂಥ ನೀರು 150 ಮಿ.ಮೀ ತನಕ ಹಿಡಿದಿಡುತ್ತದೆ. ಎಕರೆಗೆ ಆರು ಲಕ್ಷ ಲೀಟರ್ ಆಯಿತು. ಅಕ್ಟೋಬರ್ ನಂತರ ಮಳೆ ಬಾರದಿದ್ದರೂ ಜೋಳ ಫೆಬ್ರುವರಿ ತನಕ ನಿಲ್ಲುವುದು ಈ ದಾಸ್ತಾನಿನ ಮೇಲೆ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ಒತ್ತಿ ಹೇಳುತ್ತ ಬಂದ ಚೌಕುಮಡಿಯ ಉದ್ದೇಶವೂ ಇದೇ: ಜೂನ್, ಜುಲೈನಲ್ಲಿ ಹೊಲದಲ್ಲಿ ಸಣ್ಣ ಸಣ್ಣ ಚೌಕ ಕಟ್ಟಿ, ಬಿದ್ದ ಮಳೆ ಬಿದ್ದಲ್ಲೇ ಇಳಿಯುವಂತೆ ಮಾಡುವುದು. ಹಾಗಾಗಿ ಪಟ್ಟಿಯಲ್ಲಿ ಆ ತಿಂಗಳುಗಳಲ್ಲಿ ಗೆರೆ ಎಳೆಯಬೇಡಿ, ‘ಚೌಕುಮಡಿ, ನೀರು ಸಂಗ್ರಹ’ ಎಂದು ಬರೆಯಿರಿ. ಆಗ ಅದು ಖಾಲಿ ಅನ್ನಿಸುವುದಿಲ್ಲ. ಹೆಸರು ಬೇಕೇಬೇಕು ಎಂದರೆ ಅದಕ್ಕೆ ಮೂರನೆಯ ತುಂಡು ಇದೆ. ಅಲ್ಲಿ ಹೆಸರು ನೆಲದ ಹಸಿ ತಿಂದರೂ ಆಮೇಲೆ ಬರುವ ಉಳ್ಳಾಗಡ್ಡಿಗೆ ಬೋರಿನ ನೀರು ಇರುತ್ತದೆ.

ತುಂಡು ಎಂದರೆ ಸರ್ವೆ ನಂಬರ್ ಅಲ್ಲ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಮೇಲಿನ ಬದಿ ಒಂದು ಅಡಿಗೆ ಗರಸು ಸಿಗಬಹುದು, ಕೆಳಗಿನ ಬದಿ ನಾಲ್ಕು ಅಡಿ ಎರಿ ಇರಬಹುದು. ಬೇಸಿಗೆಯಲ್ಲಿ ಹಾರೆ ತೆಗೆದುಕೊಂಡು ನಾಲ್ಕು ಕಡೆ ತೋಡಿ ನೋಡಿ. ಗರಸು ಎಷ್ಟು ಅಡಿಗೆ ಸಿಕ್ಕಿತು ಎಂಬುದನ್ನು ತುಂಡಿನ ಹೆಸರಿನ ಜೊತೆಗೇ ಬರೆಯಿರಿ. ಒಂದು ಅಡಿಯ ಮಣ್ಣಿನಲ್ಲಿ ಹಿಂಗಾರಿ ಜೋಳ ಬಿತ್ತಿ ಅದಕ್ಕೆ ಸೊನ್ನೆ ನೀರು ಎಂದು ಬರೆದರೆ ಪಟ್ಟಿ ಸುಳ್ಳಾಗುತ್ತದೆ. ಡಿಸೆಂಬರ್‌ನಲ್ಲೇ ಎಲೆ ಸುತ್ತಿಕೊಂಡು ಅದು ಗೊತ್ತಾಗುತ್ತದೆ.

ಬಿತ್ತುವ ತಿಂಗಳಿಗೆ ಕೊನೆಯ ದಿನ ಬೇಕು

‘ಅಕ್ಟೋಬರ್’ ಎಂದು ಬರೆದರೆ ಸಾಲದು. ಹಸ್ತ ಮಳೆ ಕೈಕೊಟ್ಟು ಚಿತ್ತಿ ಮಳೆ ಬಂದರೆ ಏನು ಮಾಡುವುದು ಎಂದೂ ಬರೆದಿರಬೇಕು. ಬಿಳಿಜೋಳಕ್ಕೆ ಅಕ್ಟೋಬರ್ 15 ಗಡಿ ಎಂದು ಇಟ್ಟುಕೊಳ್ಳಿ. ಅದು ದಾಟಿ ಬಿತ್ತಿದರೆ ತೆನೆ ತುಂಬುವ ಹೊತ್ತಿಗೆ ನೆಲದ ಹಸಿ ಮುಗಿದಿರುತ್ತದೆ, ಕಾಳು ಜೊಳ್ಳಾಗುತ್ತದೆ. ಆ ಗಡಿ ದಾಟಿದರೆ ಅದೇ ತುಂಡಿಗೆ ಕಡಲಿ ಹಾಕಬಹುದು, ಅದಕ್ಕೆ ಇನ್ನೂ ಕೆಲವು ದಿನ ಸಮಯ ಇರುತ್ತದೆ. ಆದರೆ ಕಡಲಿ ಹಾಕಿದ ವರ್ಷ ಕಣಿಕೆ ಇರುವುದಿಲ್ಲ. ಅಂದರೆ ಏಪ್ರಿಲ್‌ನ 6,000 ಲೀಟರ್ ಉಳಿತಾಯವೂ ಇರುವುದಿಲ್ಲ. ಆ ವರ್ಷ ಕಣಿಕೆಯನ್ನು ಫೆಬ್ರುವರಿಯಲ್ಲೇ ಕೊಂಡಿಡಬೇಕು. ಮೇ ತಿಂಗಳಲ್ಲಿ ಅದು ಕೈಗೆ ಹತ್ತುವುದಿಲ್ಲ. ಪಟ್ಟಿಯ ಒಂದು ಮನೆ ಬದಲಾದರೆ ಆರು ತಿಂಗಳ ಆಚೆಯ ಇನ್ನೊಂದು ಮನೆ ಬದಲಾಗುತ್ತದೆ. ಕಾಗದದ ಮೇಲೆ ಬರೆಯುವ ಲಾಭವೇ ಇದು, ತಲೆಯಲ್ಲಿ ಇಟ್ಟುಕೊಂಡರೆ ಇದು ಕಾಣುವುದಿಲ್ಲ.

ಕಾಲುವೆ, ಹೊಂಡ ಇದ್ದವರಿಗೆ

ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ನಮ್ಮ ಕಡೆ ಬಂದಿದೆ, ಕೆರೆ ತುಂಬಿದ ಊರುಗಳಲ್ಲಿ ಬೋರುಗಳೂ ಚೇತರಿಸಿವೆ. ಇದನ್ನು ಕಂಡು ‘ಇನ್ನು ಲೀಟರ್ ಲೆಕ್ಕ ಯಾಕೆ?’ ಎನ್ನುವವರಿದ್ದಾರೆ. ನೀರು ಬಂದ ಕೂಡಲೇ ಕಬ್ಬಿನ ಕಡೆ ಕಣ್ಣು ಹೋಗುತ್ತದೆ. ಒಂದು ಎಕರೆ ಕಬ್ಬಿಗೆ ಒಂದು ಬೆಳೆಗೆ ಸುಮಾರು 2,000 ಮಿ.ಮೀ, ಅಂದರೆ 80 ಲಕ್ಷ ಲೀಟರ್ ನೀರು ಬೇಕು. ಅದು ಏಪ್ರಿಲ್, ಮೇ ಎರಡನ್ನೂ ಹೊಲದಲ್ಲೇ ಕಳೆಯುವ ಬೆಳೆ. ಕಾಲುವೆಗೆ ನೀರು ಎಷ್ಟು ದಿನ ಎಂಬುದು ಆಲಮಟ್ಟಿಯಲ್ಲಿ ಎಷ್ಟು ನಿಂತಿದೆ, ನೀರಾವರಿ ಸಲಹಾ ಸಮಿತಿ ಏನು ತೀರ್ಮಾನಿಸಿತು ಎಂಬುದರ ಮೇಲೆ ಇದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ಕುಡಿಯುವ ನೀರೇ ಮೊದಲು. ಆದ್ದರಿಂದ ಬೋರಿನ ನೀರನ್ನು ಪೆನ್ನಿನಲ್ಲಿ, ಕಾಲುವೆ ನೀರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್ ನೀರಿನ ಮೇಲೆ ಮೂರು, ನಾಲ್ಕು ತಿಂಗಳ ಬೆಳೆ ಹಾಕಬಹುದು. ಹತ್ತು ವರ್ಷ ನಿಲ್ಲುವ ಗಿಡ ಹಚ್ಚಬಾರದು.

ಕೃಷಿ ಹೊಂಡ ಇದ್ದವರು ಫೆಬ್ರುವರಿಯ ಆ 15,000 ಲೀಟರನ್ನು ಶೇಂಗಾಕ್ಕೆ ಬಿಡದೆ ಹೊಂಡಕ್ಕೆ ಬಿಡಬಹುದು. ತಿಂಗಳಿಗೆ 4.2 ಲಕ್ಷ ಲೀಟರ್ ಆಗುತ್ತದೆ. 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ, ಇಳಿಜಾರು ಬದಿಯ ಹೊಂಡಕ್ಕೆ ಸರಿಯಾಗಿ ಕೂಡುತ್ತದೆ. ಆದರೆ ಎಲ್ಲವೂ ಉಳಿಯುವುದಿಲ್ಲ. ಮೇ ಕೊನೆಯ ಒಳಗೆ ಬಿಸಿಲಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಹಾರಿಹೋಗುತ್ತದೆ. ಉಳಿದ ಮೂರು ಲಕ್ಷವನ್ನು ಏಪ್ರಿಲ್, ಮೇ ಎರಡು ತಿಂಗಳಿಗೆ ಹಂಚಿದರೆ ದಿನಕ್ಕೆ 5,000 ಲೀಟರ್. ಹೆಚ್ಚುಕಡಿಮೆ ನಮ್ಮ ಕೊರತೆಯಷ್ಟೇ. ಇದು ತಳಕ್ಕೆ ಪ್ಲಾಸ್ಟಿಕ್ ಹಾಸಿದ ಹೊಂಡದ ಲೆಕ್ಕ. ಹಾಸದಿದ್ದರೆ ನೀರು ನಿಲ್ಲುತ್ತದೆ ಎಂದು ನಂಬಬೇಡಿ.

ಲೆಕ್ಕದ ಮಿತಿ

‘ಲೀಟರ್ ಎಣಿಸಿ ಒಕ್ಕಲುತನ ಆಗೂದಿಲ್ಲ’ ಎಂದು ಹಿರಿಯರು ಹೇಳುವುದರಲ್ಲಿ ಅರ್ಥ ಇದೆ. ಮೇಲಿನ ಅಂಕಿಗಳು ಒಂದು ಉದಾಹರಣೆಯ ಹೊಲದವು. ನಿಮ್ಮ ಬೋರು ಬೇರೆ, ಮಣ್ಣು ಬೇರೆ. ಡ್ರಿಪ್ ಬಿಟ್ಟು ಸಾಲಿಗೆ ನೀರು ಹಾಯಿಸಿದರೆ ಖರ್ಚು ಒಂದೂವರೆ ಪಟ್ಟು ಆಗಬಹುದು. ಪಕ್ಕದ ಹೊಲದಲ್ಲಿ ಹೊಸ ಬೋರು ಬಿದ್ದರೆ ನಿಮ್ಮ ಏಪ್ರಿಲ್ ಅಂಕಿ ಒಂದೇ ವರ್ಷದಲ್ಲಿ ಬದಲಾಗಬಹುದು. ಅದಕ್ಕೇ 22,000ಕ್ಕೆ 22,500 ಎಂಬ ನನ್ನ ಲೆಕ್ಕವೂ ಬಿಗಿಯೇ. ಐದು ನೂರು ಲೀಟರ್ ಉಳಿತಾಯ ಎಂದು ಕುಣಿಯುವಂತಿಲ್ಲ. ಅಲ್ಲಿ ಇನ್ನೊಂದು ಸಾಲು ಗಿಡಕ್ಕೂ ಜಾಗ ಇಲ್ಲ ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಆದರೆ ಹಿರಿಯರ ಕಾಲದ ಬಾವಿಯಲ್ಲಿ ನೀರು ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಮೆಟ್ಟಿಲು ಇಳಿದಿದೆ ಎಂದು ನೋಡಿ ಬೆಳೆ ತೀರ್ಮಾನಿಸುತ್ತಿದ್ದರು. ಬೋರಿನೊಳಗೆ ಇಣುಕಿ ನೋಡಲು ಬರುವುದಿಲ್ಲ. ಡ್ರಮ್ಮು ಮತ್ತು ಗಡಿಯಾರ ಆ ಮೆಟ್ಟಿಲಿನ ಕೆಲಸ ಮಾಡುತ್ತವೆ, ಅಷ್ಟೇ.

ಪ್ರತಿ ತಿಂಗಳು ಒಂದನೇ ತಾರೀಖು ಡ್ರಮ್ಮು ತುಂಬಿಸಿ, ಸೆಕೆಂಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಒಂದು ವರ್ಷದ ಹನ್ನೆರಡು ಅಂಕಿ ಸಿಕ್ಕರೆ ಯಾವ ತಿಂಗಳು ಎಷ್ಟು ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಅಳೆಯಲು ಬೇಸಿಗೆ ತನಕ ಕಾಯಲಾಗದವರು ಈಗಿನ ಅಂಕಿಯ ಮೂರನೇ ಒಂದು ಭಾಗ ಮಾತ್ರ ಏಪ್ರಿಲ್‌ಗೆ ಎಂದು ಹಿಡಿದು ಪಟ್ಟಿ ಶುರು ಮಾಡಿ. ಮಣ್ಣಿನ ಆಳ, ಬಿತ್ತನೆಯ ಗಡಿ ದಿನದ ಬಗ್ಗೆ ಅನುಮಾನ ಇದ್ದರೆ ಅದೇ ಹಾಳೆಯನ್ನು ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ‘ಯಾವ ಬೆಳೆ ಹಾಕಲಿ?’ ಎಂದು ಬರಿಗೈಯಲ್ಲಿ ಕೇಳುವುದಕ್ಕೂ, ‘ಏಪ್ರಿಲ್‌ನಲ್ಲಿ ನನ್ನ ಹತ್ತಿರ ದಿನಕ್ಕೆ 22,500 ಲೀಟರ್ ಇದೆ, ಇದರಲ್ಲಿ ಏನು ಕೂಡುತ್ತದೆ?’ ಎಂದು ಕೇಳುವುದಕ್ಕೂ ಬರುವ ಉತ್ತರ ಬೇರೆ.